ಕೊಳೆ ರೋಗದ ವಾಟ್ಸಾಪ್ ಸೂಚನೆ: ಬರೆಯುವ ಕ್ರಮ

ಅಡಿಕೆ ಬೆಳೆಯುವ ಗ್ರಾಮ ಪಂಚಾಯಿತಿಗಳಲ್ಲಿ ಮಳೆಗಾಲಕ್ಕೆ ಮುನ್ನ ರೈತರಿಗೆ ಕಳುಹಿಸಬೇಕಾದ ಕೀಟ–ರೋಗ ಸೂಚನೆಗಳಲ್ಲಿ ಕೊಳೆ ರೋಗದ್ದು ಮೊದಲನೆಯದು. ‘ಶೇ. 1ರ ಬೋರ್ಡೋ ದ್ರಾವಣವನ್ನು ಸಕಾಲದಲ್ಲಿ ಸಿಂಪಡಿಸಿ ರೋಗವನ್ನು ಹತೋಟಿಯಲ್ಲಿಡುವುದು’ ಎಂದು ಬರೆದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅರಳಸುರಳಿಯ ರೈತರೊಬ್ಬರು ಅದನ್ನು ಓದಿ ಎಷ್ಟು ಮೈಲುತುತ್ತು ಕೊಳ್ಳಬೇಕು, ಮರ ಹತ್ತುವವರನ್ನು ಯಾವ ವಾರ ಕರೆಯಬೇಕು ಎಂಬುದನ್ನು ತಿಳಿಯಲಾರರು. ಈ ರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮೈಸೂರು ಸಂಸ್ಥಾನದ ತಜ್ಞ ಲೆಸ್ಲಿ ಕೋಲ್ಮನ್ ಅವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬಳಕೆಗೆ ತಂದರು. ಆದ್ದರಿಂದ ಔಷಧಿಯ ಹೆಸರು ರೈತರಿಗೆ ಹೊಸದಲ್ಲ. ಸೂಚನೆಯಿಂದ ಅವರಿಗೆ ಬೇಕಾಗಿರುವುದು ದಿನ, ಅಳತೆ ಮತ್ತು ಪರೀಕ್ಷೆ.

ಮೊದಲನೆಯದು ದಿನ. ಬೋರ್ಡೋ ದ್ರಾವಣವು ಕಾಯಿಯ ಮೇಲೆ ಲೇಪವಾಗಿ ನಿಂತು ರೋಗ ತಗಲದಂತೆ ತಡೆಯುತ್ತದೆಯೇ ಹೊರತು, ಕೊಳೆತ ಕಾಯಿಯನ್ನು ಗುಣಪಡಿಸುವುದಿಲ್ಲ. ಹೀಗಿರುವಾಗ ‘ರೋಗ ಕಂಡುಬಂದಲ್ಲಿ ಸಿಂಪಡಿಸಿ’ ಎಂದು ಬರೆದರೆ ರೈತರು ಕಾಯಿ ಉದುರುವವರೆಗೆ ಕಾಯುತ್ತಾರೆ. ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪಡಣೆ, ಅದಾದ 40–45 ದಿನಗಳಿಗೆ ಎರಡನೆಯದು ಎಂದು ಸ್ಪಷ್ಟವಾಗಿ ಹೇಳಬೇಕು. ‘ಈ ವಾರ’, ‘ನಾಳೆಯಿಂದ’ ಎಂಬ ಪದಗಳನ್ನು ಬಳಸಬಾರದು. ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗುವ ಸಂದೇಶವು ಮುಂದಿನ ವರ್ಷವೂ ತಿರುಗಿ ಬರಬಹುದು. ಆದುದರಿಂದ ದಿನಾಂಕ, ವರ್ಷ ಮತ್ತು ಪಂಚಾಯಿತಿಯ ಹೆಸರು ಸಂದೇಶದ ಒಳಗೇ ಇರಬೇಕು.

ಎರಡನೆಯದು ಅಳತೆ. ‘ಶೇ. 1’ ಎಂಬುದನ್ನು ಬಿಟ್ಟು ಕಿಲೋ ಮತ್ತು ಲೀಟರ್‌ಗಳಲ್ಲಿ ಬರೆಯಬೇಕು. 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಟ್ಟ ಸುಣ್ಣ. 200 ಲೀಟರ್ ಡ್ರಮ್ ಬಳಸುವವರಿಗೆ ಎರಡೂ ತಲಾ 2 ಕಿಲೋ ಎಂಬುದನ್ನೂ ಸೇರಿಸಿದರೆ ಲೆಕ್ಕದಲ್ಲಿ ತಪ್ಪಾಗುವುದಿಲ್ಲ. ‘ಕಿ.ಗ್ರಾಂ’, ‘ಲೀ’ ಮುಂತಾದ ಸಂಕ್ಷೇಪಗಳನ್ನು ಬಿಡಿಸಿಯೇ ಬರೆಯುವುದು ಒಳಿತು. ಮನೆಯ ಮಕ್ಕಳು ಹಿರಿಯರಿಗೆ ಓದಿ ಹೇಳುವಾಗ ತಡವರಿಸುವುದು ಅಲ್ಲಿಯೇ.

ಮೂರನೆಯದು ಪರೀಕ್ಷೆ. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಿದ್ದರೂ ದ್ರಾವಣದಲ್ಲಿ ತಾಮ್ರದ ಅಂಶ ಹೆಚ್ಚಾಗಿ ಉಳಿದು ಗೊನೆಯನ್ನು ಸುಡುತ್ತದೆ. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಲೇಪ ಕಾಣದಾಗುವವರೆಗೆ ಮತ್ತೆ ಮತ್ತೆ ಪರೀಕ್ಷಿಸಬೇಕು. ಈ ಒಂದು ಸಾಲು ಸೂಚನೆಯಿಂದ ಬಿಟ್ಟುಹೋದರೆ ನಷ್ಟ ರೈತರದೇ.

ಈ ಮೂರನ್ನೂ ಸೇರಿಸಿ ಬರೆದ ಮಾದರಿ ಹೀಗಿದೆ:

*ಅಡಿಕೆ ಕೊಳೆ ರೋಗ – ಮೊದಲ ಸಿಂಪಡಣೆ*
(ಗ್ರಾಮ ಪಂಚಾಯಿತಿಯ ಹೆಸರು, ದಿನಾಂಕ, ವರ್ಷ)
1. ಮಳೆಗಾಲ ಹಿಡಿಯುವ ಮೊದಲು, ಮಳೆಯಿಲ್ಲದ ಹೊತ್ತಿನಲ್ಲಿ ಗೊನೆ ಪೂರ್ತಿ ನೆನೆಯುವಂತೆ ಸಿಂಪಡಿಸಿ.
2. ಪ್ಲಾಸ್ಟಿಕ್ ಡ್ರಮ್‌ನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಕರಗಿಸಿ. ಇನ್ನೊಂದರಲ್ಲಿ 1 ಕಿಲೋ ಸುಟ್ಟ ಸುಣ್ಣ ಅರಳಿಸಿ, ಸೋಸಿ, 50 ಲೀಟರ್ ಮಾಡಿ.
3. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ.
4. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಾದರೆ ಸುಣ್ಣದ ತಿಳಿ ಸೇರಿಸಿ.
5. ಮಾಡಿದ ದಿನವೇ ಬಳಸಿ ಮುಗಿಸಿ.
6. 40–45 ದಿನಗಳ ನಂತರ ಇನ್ನೊಮ್ಮೆ ಸಿಂಪಡಿಸಿ.
ಸಂದೇಹವಿದ್ದರೆ ಕಿಸಾನ್ ಕಾಲ್ ಸೆಂಟರ್: 1800-180-1551

ಒಂದು ಸಂದೇಶಕ್ಕೆ ಒಂದೇ ಕೆಲಸ ಎಂಬ ನಿಯಮವನ್ನು ಮೇಲಿನ ಮಾದರಿಯಲ್ಲಿ ಪಾಲಿಸಲಾಗಿದೆ. ಎಲೆಚುಕ್ಕಿ ರೋಗ, ಬೇರುಹುಳು, ಸಹಾಯಧನದ ಅರ್ಜಿ ಇವೆಲ್ಲವನ್ನೂ ಇದರಲ್ಲಿಯೇ ಸೇರಿಸಿದರೆ ಅಳತೆಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಉದುರಿದ ಕೊಳೆತ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ನಾಶಪಡಿಸುವ ಸೂಚನೆಯನ್ನೂ ಮಳೆ ಹಿಡಿದ ಬಳಿಕ ಬೇರೆಯಾಗಿಯೇ ಕಳುಹಿಸುವುದು ಸೂಕ್ತ. ಪಿಡಿಎಫ್ ಅಥವಾ ಚಿತ್ರದ ಬದಲು ಅಕ್ಷರದಲ್ಲಿಯೇ ಬರೆದರೆ ನೆಟ್‌ವರ್ಕ್ ದುರ್ಬಲವಾದ ಕಡೆಯೂ ತಲುಪುತ್ತದೆ. ಓದಲು ಬಾರದವರಿಗಾಗಿ ಅದನ್ನೇ ನಿಧಾನವಾಗಿ ಓದಿದ ಧ್ವನಿ ಸಂದೇಶವನ್ನು ಜೊತೆಗೆ ಹಾಕಬಹುದು.

ಔಷಧಿ ಮತ್ತು ಪ್ರಮಾಣವನ್ನು ಪಂಚಾಯಿತಿ ತಾನಾಗಿ ನಿರ್ಧರಿಸತಕ್ಕದ್ದಲ್ಲ. ಕರಡನ್ನು ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಅನಂತರ ಮಾನ್ಯ ಸದಸ್ಯರು ತಮ್ಮ ವಾರ್ಡಿನ ಒಬ್ಬ ಬೆಳೆಗಾರರಿಗೆ ಅದನ್ನು ಓದಲು ಕೊಟ್ಟು, ‘200 ಲೀಟರ್ ಡ್ರಮ್ಮಿಗೆ ಎಷ್ಟು ಮೈಲುತುತ್ತು ತರುತ್ತೀರಿ? ಚಾಕು ಕೆಂಪಾದರೆ ಏನು ಮಾಡುತ್ತೀರಿ?’ ಎಂದು ಕೇಳಬೇಕು. ಉತ್ತರ ಸರಿಯಿದ್ದರೆ ಸೂಚನೆಯನ್ನು ಗುಂಪಿಗೆ ಕಳುಹಿಸಬಹುದು. ಇಲ್ಲದಿದ್ದಲ್ಲಿ ಆ ಸಾಲನ್ನು ತಿದ್ದಿ ಮತ್ತೊಮ್ಮೆ ಕೇಳತಕ್ಕದ್ದು.