ಗ್ರಹಣದ ಪದ್ಯಕ್ಕೆ ದಿಕ್ಕೂ ಬೇಕು, ಗಡಿಯಾರವೂ ಬೇಕು

ಖಗೋಳ ಸಂಘದ ಸುದ್ದಿಪತ್ರಿಕೆಗೆ ಸೂರ್ಯಗ್ರಹಣದ ಮೇಲೆ ಪದ್ಯ ಬರೆಯುವುದು ಸಾಹಿತ್ಯ ಪತ್ರಿಕೆಗೆ ಬರೆದ ಹಾಗಲ್ಲ. ಅದನ್ನು ಓದುವವರು ದೂರದರ್ಶಕದ ಪಕ್ಕದಲ್ಲಿ ನಿಂತವರು, ಸೆಕೆಂಡು ಎಣಿಸಿದವರು. ‘ಹಗಲೇ ಇರುಳಾಯಿತು, ತಾರೆಗಳು ಮಿನುಗಿದವು, ರಾಹು ನುಂಗಿದ’ ಎಂದು ಬರೆದರೆ ಅವರು ಕೇಳುವ ಮೊದಲ ಪ್ರಶ್ನೆ: ಯಾವ ಗ್ರಹಣ? ಯಾವ ಊರು? ಎಷ್ಟು ಹೊತ್ತಿಗೆ? ಆ ಮೂರೂ ಸಾಲುಗಳನ್ನು ಯಾವ ಗ್ರಹಣಕ್ಕೆ ಬೇಕಾದರೂ ಅಂಟಿಸಬಹುದು. ಹಾಗಾಗಿಯೇ ಅವು ಯಾವ ಗ್ರಹಣಕ್ಕೂ ಸೇರುವುದಿಲ್ಲ. ಒಂದು ದಿನದ, ಒಂದು ಊರಿನ ಗ್ರಹಣವನ್ನು ಹಿಡಿದು, ಆ ಹೊತ್ತಿನ ಆಕಾಶವನ್ನು ಲೆಕ್ಕ ಹಾಕಿ ನೋಡಿದರೆ ಬೇರೆ ಯಾರೂ ಬರೆಯದ ಚಿತ್ರಗಳು ತಾವಾಗಿ ಸಿಗುತ್ತವೆ. ಒಂದು ಗ್ರಹಣವನ್ನೇ ತೆಗೆದುಕೊಂಡು ಇದನ್ನು ಮಾಡಿ ನೋಡೋಣ.

1980ರ ಫೆಬ್ರವರಿ 16ರಂದು ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಉತ್ತರ ಕನ್ನಡದ ಕರಾವಳಿಗೆ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು, ಆಂಧ್ರ ದಾಟಿ ಒಡಿಶಾದ ಕಡೆ ಹೋಯಿತು. ನಮ್ಮ ಕವಿ ಗದಗದ ಹೊರಗಿನ ಎರೆಹೊಲದ ಬದುವಿನಲ್ಲಿ ನಿಂತಿದ್ದಾನೆ ಎಂದುಕೊಳ್ಳೋಣ. ಸಮಯ ಮಧ್ಯಾಹ್ನ. ಗ್ರಹಣ ಪೂರ್ಣವಾದದ್ದು ಮೂರೂವರೆ ದಾಟಿದ ಮೇಲೆ. ಆಗ ಸೂರ್ಯ ನೈಋತ್ಯದ ಕಡೆ, ದಿಗಂತದಿಂದ ಸುಮಾರು 38 ಡಿಗ್ರಿ ಎತ್ತರದಲ್ಲಿದ್ದ. ಇದು ಒಣ ಅಂಕಿಯಂತೆ ಕಂಡರೂ ಪದ್ಯದ ಮೊದಲ ಸಾಲು ಇದರಿಂದಲೇ ಹುಟ್ಟುತ್ತದೆ.

ಚಂದ್ರ ಸೂರ್ಯನ ಮುಂದೆ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತಾನೆ. ಹಾಗಾಗಿ ಅವನು ಮೊದಲು ಮುಟ್ಟುವುದು ಸೂರ್ಯಬಿಂಬದ ಪಶ್ಚಿಮದ ಅಂಚನ್ನು. ಸೂರ್ಯ ಇಳಿಯುತ್ತಿರುವ ಮಧ್ಯಾಹ್ನದಲ್ಲಿ ಆ ಪಶ್ಚಿಮದ ಅಂಚು ನಮ್ಮ ಕಣ್ಣಿಗೆ ಕೆಳಭಾಗದಲ್ಲಿ, ಸ್ವಲ್ಪ ಬಲಕ್ಕೆ ಇರುತ್ತದೆ. ‘ಮೇಲಿನಿಂದ ಕತ್ತಲು ಇಳಿಯಿತು’ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಅಂದು ಗದಗದಲ್ಲಿ ಕತ್ತಲು ಕೆಳಗಿನಿಂದ ಮೇಲಕ್ಕೆ ಹತ್ತಿತು. ಅಮಾವಾಸ್ಯೆ ಮಾಘ ಮಾಸದ್ದು. ಇಷ್ಟನ್ನು ಇಟ್ಟುಕೊಂಡು ನಾಲ್ಕು ಮಾತ್ರೆಯ ನಡೆಯಲ್ಲಿ ಆರಂಭಿಸಬಹುದು:

ಮಾಘದ ಕಡೆದಿನ, ನಡುಹಗಲಿಳಿಯಿತು, ಪಡುವಣ ಬಾನಿನ ಹೊತ್ತು;
ಸೂರ್ಯನ ಕೆಳಗಿನ ಅಂಚಿಗೆ ಚಂದಿರನಿಟ್ಟನು ಕಪ್ಪನೆ ಮುತ್ತು.

ಎರಡು ಸಾಲಿನಲ್ಲಿ ತಿಂಗಳು, ತಿಥಿ, ಹೊತ್ತು, ದಿಕ್ಕು, ಮೊದಲ ಸ್ಪರ್ಶದ ಜಾಗ ಎಲ್ಲವೂ ಬಂದವು. ಗಮಕದಲ್ಲಿ ಓದಿದರೂ ನಿಲ್ಲುತ್ತದೆ, ಖಗೋಳದ ಲೆಕ್ಕಕ್ಕೂ ನಿಲ್ಲುತ್ತದೆ.

ಮೊದಲ ಸ್ಪರ್ಶದಿಂದ ಪೂರ್ಣತೆಯವರೆಗೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಈ ಹೊತ್ತಿನಲ್ಲಿ ಕವಿ ಎತ್ತ ನೋಡುತ್ತಾನೆ ಎಂಬುದು ಮುಖ್ಯ. ‘ಕಣ್ಣು ಮಿಟುಕಿಸದೆ ಸೂರ್ಯನನ್ನೇ ನೋಡಿದೆ’ ಎಂಬ ಸಾಲು ಸಂಘದ ಪತ್ರಿಕೆಯಲ್ಲಿ ಅಚ್ಚಾಗಲೇಬಾರದು. ಸೂರ್ಯನ ಎಳೆಯಷ್ಟು ಭಾಗ ಉಳಿದಿದ್ದರೂ ಅದು ಕಣ್ಣಿನ ಅಕ್ಷಿಪಟಲವನ್ನು ಸುಡುತ್ತದೆ, ಸುಡುವಾಗ ನೋವೂ ಆಗುವುದಿಲ್ಲ. ಸೂರ್ಯವೀಕ್ಷಣೆಗೆಂದೇ ಮಾಡಿದ ಸೋಸುಗದ ಕನ್ನಡಕ ಬೇಕು. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುದೂ ಆಗದು. ಆದರೆ ನೆಲದ ಮೇಲೆ ಇನ್ನೊಂದು ದೃಶ್ಯವಿದೆ. ಮರದ ಎಲೆಗಳ ನಡುವಿನ ಸಣ್ಣ ಸಂದುಗಳು ಒಂದೊಂದೂ ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡುತ್ತವೆ. ದಿನವೂ ಮರದಡಿ ಕಾಣುವ ದುಂಡು ಬೆಳಕಿನ ಚುಕ್ಕೆಗಳು ಸೂರ್ಯನ ಬಿಂಬಗಳೇ. ಗ್ರಹಣದ ದಿನ ಸೂರ್ಯ ಬಾಗಿದ ಎಳೆಯಾದಾಗ ಆ ಚುಕ್ಕೆಗಳೂ ಬಾಗುತ್ತವೆ. ಫೆಬ್ರವರಿಯ ಗದಗದಲ್ಲಿ ಬಿಳಿಜೋಳ ಕೊಯ್ಲಿಗೆ ಬರುವ ಕಾಲ. ಹಾಗಾಗಿ ಬಾಗಿದ ಬೆಳಕಿಗೆ ಉಪಮೆಯನ್ನು ಹೊಲವೇ ಒದಗಿಸುತ್ತದೆ:

ಮಾವಿನ ಎಲೆಗಳ ಸಂದಿಯ ಬೆಳಕಲಿ ನೆಲದಲಿ ಮೂಡಿತು ಸಾಲು;
ಮೇಲಕೆ ನೋಡದ ಕಣ್ಣಿಗೆ ಕಂಡವು ಸಾವಿರ ಹೊಂಗುಡುಗೋಲು.

ಈ ಘಟ್ಟದಲ್ಲಿ ಬಹಳಷ್ಟು ಪದ್ಯಗಳು ಒಂದು ಕಡೆ ಎಡವುತ್ತವೆ. ಸೂರ್ಯ ಅರ್ಧ ಮುಚ್ಚಿದಾಗಲೇ ಹಕ್ಕಿಗಳನ್ನು ಗೂಡಿಗೆ ಕಳಿಸಿಬಿಡುತ್ತವೆ. ಕಣ್ಣು ಬೆಳಕಿಗೆ ಹೊಂದಿಕೊಳ್ಳುವುದರಿಂದ ಅರ್ಧ ಮುಚ್ಚಿದ ಸೂರ್ಯನ ಬಿಸಿಲು ಮಾಮೂಲಿ ಬಿಸಿಲಿನಂತೆಯೇ ತೋರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಚ್ಚಿದರೂ ಉಳಿದ ಒಂದು ಪಾಲು ಸೂರ್ಯನ ಪ್ರಭಾವಲಯಕ್ಕಿಂತ, ಅಂದರೆ ಕರೋನಾಕ್ಕಿಂತ, ಸುಮಾರು ಹತ್ತು ಸಾವಿರ ಪಟ್ಟು ಪ್ರಖರ. ಏಕೆಂದರೆ ಕರೋನಾದ ಹೊಳಪು ಪೂರ್ಣ ಸೂರ್ಯನ ಹೊಳಪಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟೇ, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಅದಕ್ಕೇ ಕತ್ತಲು ನಿಧಾನವಾಗಿ ಕವಿಯುವುದಿಲ್ಲ. ಗಂಟೆಗಟ್ಟಲೆ ತಡೆದು, ಕೊನೆಯ ಒಂದು ನಿಮಿಷದಲ್ಲಿ ಒಮ್ಮೆಲೇ ಬಂದು ಬೀಳುತ್ತದೆ. ಪದ್ಯದ ಲಯವೂ ಇದನ್ನೇ ಅನುಸರಿಸಬೇಕು. ಒಂದು ಗಂಟೆಯ ಭಾಗಕ್ಕೆ ಉದ್ದನೆಯ, ತೂಗುವ ಸಾಲುಗಳು. ಪೂರ್ಣತೆಗೆ ಮಾತ್ರೆಗಳ ಲೆಕ್ಕವನ್ನೇ ಬಿಟ್ಟ ತುಂಡು ಸಾಲುಗಳು. ಗದಗದಲ್ಲಿ ಪೂರ್ಣತೆ ಇದ್ದದ್ದು ಎರಡೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಯಾರೂ ಉದ್ದದ ವಾಕ್ಯಗಳಲ್ಲಿ ಯೋಚಿಸುವುದಿಲ್ಲ.

ಮೇಲಂಚಲ್ಲಿ ಒಂದೇ ಹನಿ ಬೆಳಕು.
ಅದೂ ಆರಿತು.
ಕರಿಯ ಬಿಂಬ.
ಬಿಳಿಯ ಎಸಳು,
ಎಲ್ಲ ದಿಕ್ಕಿಗೂ.
ನೆತ್ತಿಯ ಬಳಿ ಶುಕ್ರ.
ನಡುವೆ ಬುಧ.
ಸುತ್ತಲ ದಿಗಂತಕ್ಕೆಲ್ಲ
ಒಂದೇ ಸಂಜೆ.

ಈ ಒಂಬತ್ತು ತುಂಡುಗಳಲ್ಲಿ ಪ್ರತಿಯೊಂದಕ್ಕೂ ಆಧಾರವಿದೆ. ಕತ್ತಲು ಕೆಳಗಿನಿಂದ ಹತ್ತಿದ ಮೇಲೆ ಕೊನೆಯ ಬೆಳಕಿನ ಹನಿ, ಅಂದರೆ ವಜ್ರದುಂಗುರದ ಕಲ್ಲು, ಉಳಿಯಬೇಕಾದದ್ದು ಮೇಲಂಚಿನಲ್ಲೇ. ಎಸಳುಗಳು ಎಲ್ಲ ದಿಕ್ಕಿಗೂ ಹರಡಿದ್ದು ಸೂರ್ಯನ ಚಟುವಟಿಕೆಯ ಕಾರಣಕ್ಕೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚಿ ತಗ್ಗುತ್ತವೆ. 1980ರ ಆರಂಭದಲ್ಲಿ ಅವು ಶಿಖರದಲ್ಲಿದ್ದವು. ಆಗ ಕರೋನಾ ಸುತ್ತಲೂ ಅರಳುತ್ತದೆ. ಸೂರ್ಯ ಶಾಂತವಾಗಿರುವ ವರ್ಷಗಳಲ್ಲಾದರೆ ಅದು ಸಮಭಾಜಕದ ಎರಡೂ ಕಡೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಆ ವರ್ಷದ ಪದ್ಯದಲ್ಲಿ ಹೂವು ತಪ್ಪಾಗುತ್ತದೆ, ರೆಕ್ಕೆ ಸರಿಹೋಗುತ್ತದೆ.

ಗ್ರಹಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಂದು ಶುಕ್ರ ಸಂಜೆಯ ನಕ್ಷತ್ರವಾಗಿ ಸೂರ್ಯನಿಂದ ಪೂರ್ವಕ್ಕೆ ಸುಮಾರು 40 ಡಿಗ್ರಿ ದೂರದಲ್ಲಿದ್ದ. ಮಧ್ಯಾಹ್ನದ ಆ ಹೊತ್ತಿಗೆ ಅದು ನೆತ್ತಿಯ ಸಮೀಪದ ಜಾಗ. ಬುಧ ಇವರಿಬ್ಬರ ನಡುವೆ, ಸೂರ್ಯನಿಂದ 18 ಡಿಗ್ರಿ ಆಚೆ. ಗುರುವನ್ನೂ ಮಂಗಳನನ್ನೂ ಸೇರಿಸಿದ್ದರೆ ಸಾಲು ತುಂಬಿ ಚೆನ್ನಾಗಿ ಕೇಳುತ್ತಿತ್ತು. ಆದರೆ ಅವೆರಡೂ ಅದೇ ತಿಂಗಳ ಕೊನೆಯಲ್ಲಿ ಸೂರ್ಯನಿಗೆ ನೇರ ಎದುರು ಬರಲಿದ್ದವು. ಗ್ರಹಣದ ಹೊತ್ತಿಗೆ ಅವು ಪೂರ್ವ ದಿಗಂತದ ಕೆಳಗೆ ಇದ್ದವು. ದಿಗಂತದ ಸುತ್ತ ಕಾಣುವ ಸಂಜೆಗೆಂಪು ನೆರಳಿನ ಆಚೆಗಿನ ಊರುಗಳ ಬೆಳಕು. ನಾವು ನಿಂತ ಜಾಗ ಮಾತ್ರ ಕತ್ತಲಲ್ಲಿ, ದೂರದ ಸುತ್ತಣ ಆಕಾಶಕ್ಕೆ ಇನ್ನೂ ಬಿಸಿಲು.

ರಾಹುವನ್ನು ಪದ್ಯದಲ್ಲಿ ತರಬಾರದೇ? ತರಬಹುದು, ಆದರೆ ಅಂದಿನ ಗ್ರಹಣಕ್ಕೆ ಅವನು ಸಲ್ಲುವುದಿಲ್ಲ. ಭಾರತೀಯ ಜ್ಯೋತಿಶ್ಶಾಸ್ತ್ರದಲ್ಲಿ ರಾಹು ಮತ್ತು ಕೇತು ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳು. ಚಂದ್ರ ಉತ್ತರಕ್ಕೆ ಏರುವ ಬಿಂದು ರಾಹು, ದಕ್ಷಿಣಕ್ಕೆ ಇಳಿಯುವ ಬಿಂದು ಕೇತು. ಅಮಾವಾಸ್ಯೆ ಇವುಗಳಲ್ಲಿ ಒಂದರ ಹತ್ತಿರ ಬಿದ್ದರೆ ಮಾತ್ರ ಗ್ರಹಣ. 1980ರ ಗ್ರಹಣ ಆದದ್ದು ಇಳಿಯುವ ಬಿಂದುವಿನ ಬಳಿ. ಅಂದರೆ ಕೇತುವಿನ ಬಳಿ. ಪ್ರಾಸಕ್ಕಾಗಿ ರಾಹುವನ್ನು ತಂದರೆ ಪುರಾಣ ಬಲ್ಲವರೂ ಗಣಿತ ಬಲ್ಲವರೂ ಇಬ್ಬರೂ ಒಪ್ಪುವುದಿಲ್ಲ. ಕೇತುವನ್ನು ತಂದರೆ ಇಬ್ಬರಿಗೂ ಸಲ್ಲುತ್ತದೆ. ಗ್ರಹಣ ನೆರಳಿನ ಆಟವೆಂದು ಆರ್ಯಭಟ ಐದನೆಯ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದಾನೆ. ಆದ್ದರಿಂದ ಈ ಬಗೆಯ ಪದ್ಯಕ್ಕೆ ನಮ್ಮಲ್ಲಿ ನೆಲೆಯೂ ಹಳೆಯದೇ.

ಇನ್ನು ಮುಕ್ತಾಯ. ಬೆಳಕು ಮರಳುವುದು ಚಂದ್ರ ಮೊದಲು ಮುಟ್ಟಿದ ಅಂಚಿನ ಕಡೆಯಿಂದಲೇ, ಅಂದರೆ ಈ ಸಲ ವಜ್ರದುಂಗುರದ ಕಲ್ಲು ಕೆಳಗೆ. ಅದು ಚಿಮ್ಮಿದ ಕ್ಷಣಕ್ಕೆ ಕನ್ನಡಕ ಮತ್ತೆ ಕಣ್ಣಿಗೆ ಬರಬೇಕು. ನೆರಳು ಅಷ್ಟರಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿತ್ತು. ಕೆಲವೇ ನಿಮಿಷಗಳಲ್ಲಿ ರಾಯಚೂರಿನ ಆಚೆ ಕೃಷ್ಣಾ ನದಿಯನ್ನು ದಾಟಿತು. ಈಗ ಸಾಲುಗಳು ಮೊದಲಿನ ತೂಗುನಡೆಗೆ ಮರಳಬಹುದು:

ಮೊದಲಲಿ ಮುತ್ತನು ಇಟ್ಟೆಡೆಯಿಂದಲೆ ಚಿಮ್ಮಿಸಿ ಬೆಳಕಿನ ಕಿಡಿಯ,
ಮೂಡಣಕೋಡಿದ ನೆರಳದು ದಾಟಿತು ಕೃಷ್ಣೆಯ ತೀರದ ಗಡಿಯ.

ಪದ್ಯದ ಕೆಳಗೆ ಒಂದು ಸಾಲಿನ ಟಿಪ್ಪಣಿ ಇರಲಿ: ಪೂರ್ಣ ಸೂರ್ಯಗ್ರಹಣ, 16 ಫೆಬ್ರವರಿ 1980, ಗದಗ. ಈ ಪದ್ಯವನ್ನು ಬೇರೆ ಗ್ರಹಣಕ್ಕೆ ಎತ್ತಿಕೊಳ್ಳಲು ಆಗುವುದಿಲ್ಲ ಎಂಬುದೇ ಅದು ಸರಿಯಾಗಿದೆ ಎನ್ನುವುದಕ್ಕೆ ಪರೀಕ್ಷೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಡ ಗ್ರಹಣಕ್ಕೆ ಇದನ್ನು ಹಿಡಿದು ನೋಡಿ. ಅದು ಬೆಳಗಿನ ಗ್ರಹಣ. ಸೂರ್ಯ ಮೂಡಣದಲ್ಲಿ ಏರುತ್ತಿದ್ದುದರಿಂದ ಪಶ್ಚಿಮದ ಅಂಚು ಮೇಲಿತ್ತು, ಕತ್ತಲು ಮೇಲಿನಿಂದಲೇ ಶುರುವಾಯಿತು. ಚಂದ್ರ ದೂರದಲ್ಲಿದ್ದು ಚಿಕ್ಕದಾಗಿ ಕಂಡಿದ್ದರಿಂದ ಸುತ್ತ ಬೆಂಕಿಯ ಬಳೆ ಉಳಿಯಿತು. ಕರೋನಾ ಕಾಣಲಿಲ್ಲ, ಒಂದು ಕ್ಷಣಕ್ಕೂ ಕನ್ನಡಕ ತೆಗೆಯುವಂತಿರಲಿಲ್ಲ. ಅದಕ್ಕೆ ತುಂಡು ಸಾಲುಗಳೇ ಬೇಡ, ಉದ್ದಕ್ಕೂ ಒಂದೇ ನಡೆ ಸಾಕು.

ಭಾರತದ ನೆಲದ ಮೇಲೆ ಮುಂದಿನ ಪೂರ್ಣಗ್ರಹಣ 2034ರ ಮಾರ್ಚ್ 20ರಂದು, ಕಾಶ್ಮೀರ ಮತ್ತು ಲಡಾಖ್ ಕಡೆ, ಸೂರ್ಯ ಪಡುವಣಕ್ಕೆ ತುಂಬಾ ಇಳಿದ ಹೊತ್ತಿನಲ್ಲಿ. ಅಲ್ಲಿಗೆ ಹೊರಡುವ ಕವಿ ಮೊದಲ ಸ್ಪರ್ಶದ ಅಂಚು, ಸೂರ್ಯನ ಎತ್ತರ, ಗ್ರಹಗಳ ಜಾಗ, ರಾಹುವೋ ಕೇತುವೋ ಎಂಬ ನಾಲ್ಕನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು. ಕರೋನಾದ ಆಕಾರವನ್ನು ಮಾತ್ರ ಅಲ್ಲಿ ನಿಂತು, ಕಣ್ಣಾರೆ ನೋಡಿ ತುಂಬಿಸಬೇಕು. ಆ ಸಾಲಿಗೆ ಈಗಲೇ ಜಾಗ ಖಾಲಿ ಬಿಡಿ.