ಹೆಚ್ಚುವರಿ ಹದಿನೈದು ದಿನದ ಬೆಲೆ ಎಷ್ಟು?

ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಬೆಳಗಾವಿಯ ಸಣ್ಣ ಫೌಂಡ್ರಿಯಿಂದ ಅದು ತಿಂಗಳಿಗೆ 2 ಲಕ್ಷ ರೂಪಾಯಿಯ ಎರಕದ ಮಾಲು ತರಿಸುತ್ತದೆ. ಶೇ. 18 ಜಿಎಸ್‌ಟಿ ಸೇರಿ ಬಿಲ್ಲು 2.36 ಲಕ್ಷ. ಬಾಯಿಮಾತಿನ ವಾಯಿದೆ 30 ದಿನ. ಆದರೆ ವಾಲ್ವ್ ಕೊಂಡವರು ಹಣ ಕೊಡುವುದು 60 ದಿನಕ್ಕೆ. ಹಾಗಾದರೆ ಫೌಂಡ್ರಿಯವರನ್ನೂ 60 ದಿನ ಕೇಳಿದರಾಯಿತು ಎನಿಸುತ್ತದೆ.

ಇಲ್ಲಿ ಕಾನೂನು ಅಡ್ಡ ಬರುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ನೋಂದಾಯಿತ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಸೇರಬೇಕು. ಬರಹದಲ್ಲಿ ಏನೂ ಇಲ್ಲದಿದ್ದರೆ 15 ದಿನ ಮಾತ್ರ. ಗಡುವು ಮೀರಿದರೆ ಚಕ್ರಬಡ್ಡಿ ಕೊಡಬೇಕು. ಆ ಖರೀದಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಬೇಕಾದರೆ ಹಣ ಪಾವತಿಸಿದ ವರ್ಷದವರೆಗೆ ಕಾಯಬೇಕು. ಆದ್ದರಿಂದ ಕೇಳಬೇಕಾದದ್ದು 45 ದಿನ, ಅದೂ ಬರಹದಲ್ಲಿ.

ಇನ್ನು ಫೌಂಡ್ರಿಯವರ ಕಡೆಯಿಂದ ನೋಡಿ. ಅವರ ಬ್ಯಾಂಕ್ ಸಾಲದ ಬಡ್ಡಿ ಶೇ. 12 ಎಂದಿಟ್ಟುಕೊಂಡರೆ, 2.36 ಲಕ್ಷಕ್ಕೆ ಹೆಚ್ಚುವರಿ 15 ದಿನದ ಬಡ್ಡಿ ಸುಮಾರು 1,160 ರೂಪಾಯಿ. ಅವರಿಗೆ ಇದಕ್ಕಿಂತ ಹೆಚ್ಚು ಚುಚ್ಚುವುದು ಜಿಎಸ್‌ಟಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಜೂನ್ 25ರ ಬಿಲ್ಲಿನ ತೆರಿಗೆಯನ್ನು ಜುಲೈ 20ರೊಳಗೆ ಕಟ್ಟಬೇಕು. ನಮ್ಮಿಂದ ಹಣ ಬಂದಿದೆಯೋ ಇಲ್ಲವೋ, ಸರ್ಕಾರ ಕೇಳುವುದಿಲ್ಲ.

ಮಾತುಕತೆಯ ಕೀಲಿಕೈ ಇಲ್ಲೇ ಇದೆ. ಬಿಲ್ಲನ್ನು ಎರಡು ಕಂತು ಮಾಡಿ. ತೆರಿಗೆಯ 36,000 ರೂಪಾಯಿಯನ್ನು ಜುಲೈ 18ಕ್ಕೇ ಕೊಡಿ. ಇದು ಹಳೆಯ ವಾಯಿದೆಗಿಂತ ಒಂದು ವಾರ ಮುಂಚೆ. ಉಳಿದ 2 ಲಕ್ಷಕ್ಕೆ 45ನೇ ದಿನ, ಅಂದರೆ ಆಗಸ್ಟ್ 9ರವರೆಗೆ ಸಮಯ ಕೇಳಿ. ಆಗ ಫೌಂಡ್ರಿಗೆ ಬೀಳುವ ಹೊರೆ ಸುಮಾರು 900 ರೂಪಾಯಿಗೆ ಇಳಿಯುತ್ತದೆ. ಅದಕ್ಕೆ ಬದಲಾಗಿ ಮೂರು ತಿಂಗಳ ಆರ್ಡರನ್ನು ಮೊದಲೇ ಖಚಿತಪಡಿಸಿ. ಒಂದೇ ಅಚ್ಚಿನ ಮಾಲನ್ನು ಒಟ್ಟಿಗೆ ಎರಕ ಹೊಯ್ದರೆ ಅವರಿಗೂ ಉಳಿತಾಯ.

ಕೇಳುವ ಹೊತ್ತೂ ಮುಖ್ಯ. ಬಾಕಿ ಕೊಡುವ ದಿನ ಫೋನ್ ಮಾಡಿ ಸಮಯ ಕೇಳಿದರೆ ಅದು ನೆಪವೆನಿಸುತ್ತದೆ. ಬಾಕಿ ಚುಕ್ತಾ ಮಾಡಿದ ಮರುದಿನ ಖುದ್ದಾಗಿ ಹೋಗಿ, "ಹಳೇ ಬಿಲ್ಲು ಹಳೇ ವಾಯಿದೆಕ್ಕೇ ಕೊಡ್ತೀವ್ರೀ. ಮುಂದಿನ ತಿಂಗಳ ಮಾಲಿಂದ 45 ದಿನ ಮಾಡ್ಕೊಡ್ರಿ" ಎಂದರೆ ಮಾತಿಗೆ ತೂಕ ಬರುತ್ತದೆ.

ಅವರು ಒಪ್ಪಿಯೂ ಒಳಗೊಳಗೇ ಬೇಸರಗೊಂಡಿರಬಹುದು. ದರ ಸದ್ದಿಲ್ಲದೆ ಏರಿತೇ, ನಮ್ಮ ಅಚ್ಚು ಸರದಿಯಲ್ಲಿ ಹಿಂದೆ ಬಿತ್ತೇ, ಮಾಲು ನಾಲ್ಕು ದಿನ ತಡವಾಯಿತೇ ಎಂದು ಗಮನಿಸಿ. ಹಾಗಾಗಿದ್ದರೆ ಆ ಹದಿನೈದು ದಿನಕ್ಕೆ ನೀವು 900 ರೂಪಾಯಿಗಿಂತ ಹೆಚ್ಚು ತೆರುತ್ತಿದ್ದೀರಿ.