ಒಂದು ಉಕ್ಕಿನ ಸುಂಕ, ಎರಡು ವಿವರಣೆ

ದೇಶಗಳು ವ್ಯಾಪಾರದಲ್ಲಿ ಪರಸ್ಪರ ಸಹಕರಿಸುವುದೇಕೆ? ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಈ ಪ್ರಶ್ನೆಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಒಂದೇ ಅಚ್ಚಿನವು. ಮೊದಲ ಎರಡು ಪುಟ ಉದಾರವಾದ, ಮುಂದಿನ ಎರಡು ಪುಟ ವಾಸ್ತವವಾದ, ಕೊನೆಗೆ 'ಎರಡರಲ್ಲೂ ಸತ್ಯಾಂಶವಿದೆ' ಎಂಬ ಸಾಲು. ಇದರಲ್ಲಿ ಹೋಲಿಕೆಯೇ ಇಲ್ಲ. ಎರಡು ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟಂತಾಗಿದೆ, ಅಷ್ಟೆ.

ಹೋಲಿಕೆ ಶುರುವಾಗುವುದು ಎರಡೂ ವಾದಗಳಿಗೆ ಒಂದೇ ಘಟನೆಯನ್ನು ವಿವರಿಸುವ ಹೊಣೆ ಹೊರಿಸಿದಾಗ. 2002ರ ಉಕ್ಕಿನ ಜಗಳ ಅದಕ್ಕೆ ಹೇಳಿ ಮಾಡಿಸಿದಂಥದ್ದು. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಆಮದು ಉಕ್ಕಿನ ಮೇಲೆ ಶೇ. 30ರವರೆಗೆ ಸುಂಕ ಹೇರಿದರು. ಯುರೋಪಿಯನ್ ಒಕ್ಕೂಟ, ಜಪಾನ್ ಮೊದಲಾದವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2003ರ ನವೆಂಬರಿನಲ್ಲಿ ಸಂಸ್ಥೆಯ ಮೇಲ್ಮನವಿ ಮಂಡಳಿ, ಈ ಸುಂಕ ನಿಯಮಕ್ಕೆ ವಿರುದ್ಧ ಎಂದಿತು. ಡಿಸೆಂಬರ್ 4ರಂದು ಬುಷ್ ಅದನ್ನು ಹಿಂತೆಗೆದುಕೊಂಡರು.

ಉದಾರವಾದಿಗೆ ಇದು ನೇರ ಸಾಕ್ಷಿ. ರಾಬರ್ಟ್ ಕೊಹೇನ್ 1984ರ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಸಂಸ್ಥೆಗಳು ಯಾರು ಮಾತು ತಪ್ಪಿದರೆಂದು ತೋರಿಸುತ್ತವೆ, ಒಪ್ಪಂದದ ಖರ್ಚು ಇಳಿಸುತ್ತವೆ, ನಾಳೆಯೂ ಇದೇ ದೇಶಗಳ ಜೊತೆ ವ್ಯವಹರಿಸಬೇಕೆಂಬ ಎಚ್ಚರ ಹುಟ್ಟಿಸುತ್ತವೆ. ತೀರ್ಪು ಬಂತು, ಸುಂಕ ಹೋಯಿತು.

ವಾಸ್ತವವಾದಿ ಅದೇ ದಿನಾಂಕಗಳ ನಡುವೆ ಬೇರೊಂದನ್ನು ಕಾಣುತ್ತಾನೆ. ಯುರೋಪ್ ಸುಮಾರು 220 ಕೋಟಿ ಡಾಲರ್ ಮೌಲ್ಯದ ಅಮೆರಿಕನ್ ಸರಕಿಗೆ ಪ್ರತಿಸುಂಕದ ಬೆದರಿಕೆ ಹಾಕಿತ್ತು. ಆ ಪಟ್ಟಿಯಲ್ಲಿ ಫ್ಲಾರಿಡಾದ ಕಿತ್ತಳೆ ರಸವೂ ಇತ್ತು. 2000ದ ಚುನಾವಣೆ ಇತ್ಯರ್ಥವಾದದ್ದು ಫ್ಲಾರಿಡಾದಲ್ಲೇ, ಮುಂದಿನ ಚುನಾವಣೆ ಇದ್ದದ್ದು 2004ರಲ್ಲಿ. ಹಾಗಾಗಿ ಬುಷ್ ಮಣಿದದ್ದು ತೀರ್ಪಿಗಲ್ಲ, ಸರಿಸಮ ಬಲವಿದ್ದ ಎದುರಾಳಿಗೆ ಎಂಬುದು ಅವನ ವಾದ.

ಬಹುಪಾಲು ಪ್ರಬಂಧಗಳು ಸೋಲುವ ಜಾಗ ಇದು. ಎರಡೂ ವಾದ ಒಂದೇ ಘಟನೆಗೆ ಚೆನ್ನಾಗಿ ಹೊಂದಿಕೊಂಡರೆ ಆ ಘಟನೆಯಿಂದ ಯಾವುದನ್ನೂ ತೀರ್ಮಾನಿಸಲಾಗದು. ಹಾಗಾಗಿ ಬರೆಯುವವರು ಕೇಳಿಕೊಳ್ಳಬೇಕಾದ ಮುಂದಿನ ಪ್ರಶ್ನೆ: ಇವೆರಡರ ನಿರೀಕ್ಷೆಗಳು ಬೇರೆಯಾಗುವುದೆಲ್ಲಿ? ಉತ್ತರ ಕಷ್ಟದ್ದಲ್ಲ. ಗೆದ್ದವರು ಪುಟ್ಟ ದೇಶದವರಾಗಿದ್ದರೆ? ನಿಯಮಕ್ಕೆ ತನ್ನದೇ ಬಲವಿದ್ದರೆ ದೊಡ್ಡ ದೇಶ ಆಗಲೂ ಮಣಿಯಬೇಕು. ಬಲವೇ ಎಲ್ಲವಾದರೆ ಮಣಿಯಬಾರದು.

ಅಂಟಿಗುವಾ ಮತ್ತು ಬಾರ್ಬುಡಾದ ಜನಸಂಖ್ಯೆ ಒಂದು ಲಕ್ಷದೊಳಗೆ. ಆನ್‌ಲೈನ್ ಜೂಜಿನ ಸೇವೆಗೆ ಅಮೆರಿಕ ಒಡ್ಡಿದ ತಡೆಯ ವಿರುದ್ಧ ಅದು 2005ರಲ್ಲಿ ಮುಖ್ಯ ಅಂಶದ ಮೇಲೆ ಗೆದ್ದಿತು. ಅಮೆರಿಕ ಸರಿಪಡಿಸಲಿಲ್ಲ. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್‌ವರೆಗೆ ಪ್ರತಿಕ್ರಮ ಕೈಗೊಳ್ಳುವ ಹಕ್ಕೂ ಅಂಟಿಗುವಾಗೆ ಸಿಕ್ಕಿತು. ಅಮೆರಿಕ ಆಗಲೂ ಜಗ್ಗಲಿಲ್ಲ. ಅಷ್ಟು ಸಣ್ಣ ಪೇಟೆ ಬಾಗಿಲು ಹಾಕಿದರೆ ಅಮೆರಿಕದಲ್ಲಿ ಯಾವ ಕ್ಷೇತ್ರದ ಮತವೂ ಅಲುಗಾಡದು.

ಇಲ್ಲಿಗೇ ನಿಲ್ಲಿಸಿದರೆ ವಾಸ್ತವವಾದ ಗೆದ್ದಂತೆ ಕಾಣುತ್ತದೆ. ಆದರೆ ಒಳ್ಳೆಯ ಪ್ರಬಂಧ ತನಗೆ ತೊಡಕಾಗುವ ಪ್ರಕರಣವನ್ನೂ ಹುಡುಕಿ ತರಬೇಕು. ಕೋಸ್ಟರಿಕಾ ತನ್ನ ಒಳಉಡುಪುಗಳ ರಫ್ತಿಗೆ ಅಮೆರಿಕ ಹಾಕಿದ್ದ ಮಿತಿಯನ್ನು ಪ್ರಶ್ನಿಸಿ 1997ರ ಫೆಬ್ರವರಿಯಲ್ಲಿ ಗೆದ್ದಿತು. ಮಾರ್ಚ್‌ನಲ್ಲಿ ಆ ಮಿತಿಯ ಅವಧಿ ಮುಗಿಯಿತು, ಅಮೆರಿಕ ಅದನ್ನು ಮುಂದುವರಿಸಲಿಲ್ಲ. ಅಂಟಿಗುವಾಗೆ ಸಿಗದ್ದು ಕೋಸ್ಟರಿಕಾಗೆ ಸಿಕ್ಕಿದ್ದೇಕೆ? ಎರಡೂ ಸಣ್ಣ ದೇಶಗಳೇ ಆದ್ದರಿಂದ ಬಲ ಒಂದರಿಂದಲೇ ವಿವರಣೆ ಸಾಲದು. ಮಣಿಯಲು ಅಮೆರಿಕಕ್ಕೆ ತಗಲುವ ಬೆಲೆಯೂ ಲೆಕ್ಕಕ್ಕೆ ಬರುತ್ತದೆ: ಹೇಗೂ ಮುಗಿಯಲಿದ್ದ ಮಿತಿಯನ್ನು ಬಿಟ್ಟುಕೊಡುವುದು ಸಲೀಸು, ದೇಶದೊಳಗಿನ ಜೂಜಿನ ಕಾನೂನುಗಳನ್ನು ಬದಲಿಸುವುದು ದುಬಾರಿ. ಪ್ರಬಂಧದ ಮೂಲವಾಕ್ಯ ಹುಟ್ಟುವುದು ಇಲ್ಲಿ: ಮಣಿಯುವುದು ಅಗ್ಗವಾಗಿದ್ದಾಗ ನಿಯಮ ಸಾಕು, ದುಬಾರಿಯಾದಾಗ ಎದುರಾಳಿಯ ಬಲ ಬೇಕು. ಇದನ್ನು ಮೊದಲ ಪ್ಯಾರಾದಲ್ಲೇ ಇಟ್ಟು, ಉಳಿದ ಪ್ಯಾರಾಗಳನ್ನು ಪ್ರಕರಣವಾರು ಸಾಗಿಸಬೇಕು. ಪ್ರತಿಯೊಂದರಲ್ಲೂ ಎರಡು ವಾದಗಳೂ ಎದುರುಬದುರು ನಿಲ್ಲಬೇಕು. ಹಾಗೆಯೇ ಮೂರು ಪ್ರಕರಣಗಳು ದಾರಿ ತೋರಬಲ್ಲವೇ ಹೊರತು ಸಿದ್ಧಾಂತವನ್ನು ಸಾಬೀತು ಮಾಡಲಾರವು ಎಂಬುದನ್ನೂ ಬರೆದಿಡಬೇಕು.

ಕೊನೆಯ ಭಾಗಕ್ಕೆ ಇನ್ನೂ ಕಠಿಣ ಪರೀಕ್ಷೆ ಕಾದಿದೆ. ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. ಪ್ರಬಲ ದೇಶ ಕೈಬಿಟ್ಟರೆ ವ್ಯವಸ್ಥೆ ಕುಸಿಯುತ್ತದೆ ಎಂಬ ವಾಸ್ತವವಾದಿ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆದರೆ 2020ರಲ್ಲಿ ಯುರೋಪಿಯನ್ ಒಕ್ಕೂಟ, ಚೀನಾ, ಕೆನಡಾ, ಬ್ರೆಜಿಲ್ ಮುಂತಾದವು ಅಮೆರಿಕವನ್ನು ಬಿಟ್ಟು ತಮ್ಮ ನಡುವೆಯೇ ಒಂದು ತಾತ್ಕಾಲಿಕ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡವು. ಭಾರತ ಅದರಲ್ಲಿ ಸೇರಿಲ್ಲ. ಯಾರು ಸೇರಿದರು, ಯಾರು ಹೊರಗುಳಿದರು ಎಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ಎರಡೂ ವಾದಗಳನ್ನು ಮತ್ತೊಮ್ಮೆ ಪರೀಕ್ಷಿಸಬಹುದು.